ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವ ಕೊಡೆ

ಮಕ್ಕಳೇ, ಮಳೆಗಾಲ ಹತ್ತಿರ ಬಂತೆಂದರೆ ಪೇಟೆಯ ಅಂಗಡಿಗಳ ಮುಂದೆ ಬಣ್ಣಬಣ್ಣದ ಕೊಡೆಗಳು ತೂಗಾಡತೊಡಗುತ್ತವೆ. ಹೂವಿನ ಚಿತ್ರದ್ದೊಂದು, ಕಾರ್ಟೂನಿನದ್ದೊಂದು, ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚಿಕೊಳ್ಳುವುದೊಂದು. ಆರಿಸುವಾಗ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಆದರೆ ಶಾಲೆಯ ದಾರಿಯಲ್ಲಿ ಗಾಳಿ ಎದ್ದಾಗ ಕೊಡೆಯನ್ನು ಕಾಯುವುದು ಅದರ ಕಡ್ಡಿಗಳು. ಜಡಿಮಳೆಯಲ್ಲಿ ಕಾಯುವುದು ಬಟ್ಟೆ. ಏಪ್ರಿಲ್ ಬಿಸಿಲಿನಲ್ಲಿ ಕಾಯುವುದು ಆ ಬಟ್ಟೆಯ ಒಳಗೆ ಬಳಿದಿರುವ ತೆಳುವಾದ ಲೇಪ. ಈ ಮೂರನ್ನೂ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಚಿಕ್ಕ ಅಯಸ್ಕಾಂತ, ನಿಮ್ಮ ಬೆರಳು ಮತ್ತು ಒಂದಿಷ್ಟು ವಿಜ್ಞಾನ.

ಗಾಳಿ ಎಷ್ಟು ಜೋರಾಗಿ ಎಳೆಯುತ್ತದೆ?

ಮೊದಲು ಗಾಳಿಯನ್ನು ಲೆಕ್ಕ ಹಾಕೋಣ. ಕೊಡೆ ಮುರಿಯುವುದು ಹೆಚ್ಚಾಗಿ ಅದರಿಂದಲೇ.

ಗಾಳಿ ಕಣ್ಣಿಗೆ ಕಾಣದಿದ್ದರೂ ಅದಕ್ಕೆ ತೂಕವಿದೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅಷ್ಟು ತೂಕದ ವಸ್ತು ಓಡಿ ಬಂದು ಕೊಡೆಗೆ ಡಿಕ್ಕಿ ಹೊಡೆದರೆ ಕೊಡೆ ಹಿಂದಕ್ಕೆ ಹೋಗಲೇಬೇಕು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 10 ಮೀಟರ್ ಆಯಿತು. ಬಿಚ್ಚಿದ ಕೊಡೆಯ ಅಗಲ ಒಂದು ಮೀಟರ್ ಇರಲಿ. ಅದರ ಹೊಟ್ಟೆಯ ಕಡೆ, ಅಂದರೆ ಒಳಗಿನ ಗುಳಿಭಾಗಕ್ಕೆ ಈ ಗಾಳಿ ನೇರವಾಗಿ ನುಗ್ಗಿದರೆ ನಿಮ್ಮ ಕೈಗೆ ಸುಮಾರು ಆರೂವರೆ ಕಿಲೋ ತೂಕದಷ್ಟು ಎಳೆತ ಬೀಳುತ್ತದೆ. ಪುಸ್ತಕ ತುಂಬಿದ ಶಾಲೆಯ ಬ್ಯಾಗನ್ನು ಚಾಚಿದ ಕೈಯಲ್ಲಿ ಹಿಡಿದುಕೊಂಡಷ್ಟೇ ಕಷ್ಟ ಅದು.

ಈಗ ಅದೇ ಕೊಡೆಯನ್ನು ತಿರುಗಿಸಿ, ಉಬ್ಬಿದ ಬೆನ್ನನ್ನು ಗಾಳಿಗೆ ಒಡ್ಡಿ. ಎಳೆತ ಸುಮಾರು ಎರಡು ಕಿಲೋಗೆ ಇಳಿಯುತ್ತದೆ. ಗಾಳಿಯೂ ಅದೇ, ಕೊಡೆಯೂ ಅದೇ, ವ್ಯತ್ಯಾಸ ಮಾತ್ರ ಮೂರು ಪಟ್ಟಿಗೂ ಹೆಚ್ಚು! ಇದು ಅರ್ಧ ಚೆಂಡಿನಷ್ಟು ಆಳವಾದ ಕೊಡೆಯ ಲೆಕ್ಕ. ಕೊಡೆ ಚಪ್ಪಟೆಯಾದಷ್ಟೂ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಕಾರಣ ಇಷ್ಟೆ. ಉಬ್ಬಿದ ಬೆನ್ನಿಗೆ ಬಡಿದ ಗಾಳಿ ಸುತ್ತಲೂ ಜಾರಿ ಹೋಗುತ್ತದೆ. ಗುಳಿಯೊಳಗೆ ನುಗ್ಗಿದ ಗಾಳಿಗೆ ಸುಲಭವಾಗಿ ಜಾರಿಹೋಗಲು ದಾರಿಯಿಲ್ಲ, ಅದು ಅಲ್ಲೇ ಒತ್ತಡ ಕಟ್ಟುತ್ತದೆ. ಹವಾಮಾನ ಕೇಂದ್ರಗಳಲ್ಲಿ ಕಂಬದ ತುದಿಯಲ್ಲಿ ಚಿಕ್ಕ ಬಟ್ಟಲುಗಳು ಗಿರಗಿರನೆ ತಿರುಗುವುದನ್ನು ನೋಡಿದ್ದೀರಾ? ಗಾಳಿಯ ವೇಗ ಅಳೆಯುವ ಆ ಉಪಕರಣ ತಿರುಗುವುದು ಇದೇ ಕಾರಣಕ್ಕೆ. ಒಂದು ಬದಿಯ ಬಟ್ಟಲಿನ ಗುಳಿಗೆ ಗಾಳಿ ಜೋರಾಗಿ ತಳ್ಳುತ್ತದೆ, ಇನ್ನೊಂದು ಬದಿಯ ಬಟ್ಟಲಿನ ಬೆನ್ನಿಗೆ ಮೆಲ್ಲಗೆ ತಳ್ಳುತ್ತದೆ.

ಗಾಳಿಯ ಲೆಕ್ಕದಲ್ಲಿ ನೆನಪಿಡಬೇಕಾದ ಇನ್ನೊಂದು ಮಾತಿದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 18 ಕಿಲೋಮೀಟರ್ ಗಾಳಿಯಲ್ಲಿ ಒಂದೂವರೆ ಕಿಲೋಗಿಂತ ತುಸು ಹೆಚ್ಚು ಇದ್ದ ಎಳೆತ 36ಕ್ಕೆ ಆರೂವರೆ ಕಿಲೋ ಆಗುತ್ತದೆ, 72ಕ್ಕೆ ಇಪ್ಪತ್ತಾರು ಕಿಲೋ ದಾಟುತ್ತದೆ. ಗಾಳಿ ಸ್ವಲ್ಪ ಜೋರಾಯಿತು ಎನ್ನುವಷ್ಟರಲ್ಲಿ ಕೊಡೆ ಕೈತಪ್ಪುವುದು ಇದರಿಂದಲೇ. ಗಾಳಿಯ ಬಲವನ್ನು ಕಣ್ಣಳತೆಯಲ್ಲೇ ಹೇಳಲು ಬ್ಯೂಫೋರ್ಟ್ ಮಾಪಕ ಎಂಬುದೊಂದಿದೆ. ಬ್ರಿಟನ್ನಿನ ನೌಕಾ ಅಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಹಡಗುಗಳಿಗಾಗಿ ಅದನ್ನು ರೂಪಿಸಿದ. ನೆಲದ ಮೇಲೆ ಕಾಣುವ ಗುರುತುಗಳನ್ನು ಆಮೇಲೆ ಸೇರಿಸಿದರು. ಅದರ ಆರನೆಯ ಹಂತದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 39ರಿಂದ 49 ಕಿಲೋಮೀಟರ್. ಗುರುತೇನು ಗೊತ್ತೇ? ಮರದ ದೊಡ್ಡ ಕೊಂಬೆಗಳು ಅಲ್ಲಾಡುತ್ತವೆ, ತಂತಿಗಳು ಶಿಳ್ಳೆ ಹೊಡೆಯುತ್ತವೆ, ಕೊಡೆ ಹಿಡಿಯುವುದು ಕಷ್ಟವಾಗುತ್ತದೆ!

ಈ ಲೆಕ್ಕದಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಗಾಳಿಯೇ ಇಲ್ಲದ ದಿನವೂ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ ಸ್ಕೂಟರಿನ ಹಿಂದೆ ಕುಳಿತವರಿಗೆ ಅಷ್ಟೇ ವೇಗದ ಗಾಳಿ ಎದುರಾಗುತ್ತದೆ. ಅಲ್ಲಿ ಕೊಡೆ ಬಿಚ್ಚಿದರೆ ಅದು ಹಿಂದಕ್ಕೆ ಎಳೆದು ಆಯ ತಪ್ಪಿಸುತ್ತದೆ, ಕುಳಿತವರು ರಸ್ತೆಗೆ ಬೀಳುತ್ತಾರೆ. ಎಷ್ಟೇ ಗಟ್ಟಿ ಕೊಡೆಯಾದರೂ ಬೈಕಿನ ಮೇಲೆ ಬಿಚ್ಚಲೇಬಾರದು. ಅಲ್ಲಿಗೆ ರೇನ್‌ಕೋಟೇ ಸರಿ.

ಕಡ್ಡಿ: ಬಾಗಬೇಕು, ಬಾಗಿಯೇ ಉಳಿಯಬಾರದು

ಈಗ ಕೊಡೆ ಬಿಚ್ಚಿ ಒಳಗೆ ನೋಡಿ. ನಡುವೆ ಕೋಲು. ಕೋಲಿನ ನೆತ್ತಿಯಿಂದ ಸುತ್ತಲೂ ಹರಡಿರುವ ಉದ್ದ ಕಡ್ಡಿಗಳು, ಸಾಮಾನ್ಯವಾಗಿ ಎಂಟು. ಪ್ರತಿ ಉದ್ದ ಕಡ್ಡಿಗೂ ನಡುವಿನಲ್ಲಿ ಆನಿಕೊಂಡ ಒಂದೊಂದು ಗಿಡ್ಡ ಕಡ್ಡಿ. ಈ ಗಿಡ್ಡ ಕಡ್ಡಿಗಳೆಲ್ಲ ಕೋಲಿನ ಮೇಲೆ ಜಾರುವ ಒಂದು ಕೊಳವೆಗೆ ಸೇರಿಕೊಂಡಿವೆ. ಕೊಳವೆಯನ್ನು ಮೇಲಕ್ಕೆ ತಳ್ಳಿದರೆ ಗಿಡ್ಡ ಕಡ್ಡಿಗಳು ಉದ್ದ ಕಡ್ಡಿಗಳನ್ನು ಹೊರಕ್ಕೆ ನೂಕುತ್ತವೆ, ಬಟ್ಟೆ ಬಿಗಿಯಾಗುತ್ತದೆ.

ಉದ್ದ ಕಡ್ಡಿಗೆ ಆಸರೆ ಇರುವುದು ನೆತ್ತಿಯಲ್ಲಿ ಮತ್ತು ಗಿಡ್ಡ ಕಡ್ಡಿ ಸೇರುವ ಜಾಗದಲ್ಲಿ ಮಾತ್ರ. ಅಲ್ಲಿಂದ ಅಂಚಿನವರೆಗಿನ ಭಾಗಕ್ಕೆ ಬಟ್ಟೆಯ ಬಿಗಿ ಬಿಟ್ಟರೆ ಬೇರೆ ಹಿಡಿತವಿಲ್ಲ. ಹೊಟ್ಟೆಗೆ ಗಾಳಿ ತುಂಬಿದಾಗ ಆ ಭಾಗ ಮೇಲಕ್ಕೆ ಬಾಗುತ್ತದೆ, ಒಂದು ಮಿತಿ ದಾಟಿದ ಕೂಡಲೇ ಇಡೀ ಕೊಡೆ ಉಲ್ಟಾ ಆಗುತ್ತದೆ. ಆಗ ಕಡ್ಡಿಯ ಗತಿ ಏನು ಎಂಬುದು ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದರ ಮೇಲೆ ನಿಂತಿದೆ.

ಹಿಂದೆ ಯುರೋಪಿನಲ್ಲಿ ತಿಮಿಂಗಿಲದ ಬಾಯೊಳಗಿನ ಗಟ್ಟಿ ಪಟ್ಟಿಗಳಿಂದ ಕೊಡೆಯ ಕಡ್ಡಿ ಮಾಡುತ್ತಿದ್ದರು. ಒದ್ದೆಯಾದರೆ ಅವು ಬಾಗಿ ಪುಟಿಯುವ ಗುಣ ಕಳೆದುಕೊಳ್ಳುತ್ತಿದ್ದವು. 1852ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಬಳಿಯ ಸ್ಟಾಕ್ಸ್‌ಬ್ರಿಜ್‌ನಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಎಂಬಾತ ಉಕ್ಕಿನ ತೆಳು ಪಟ್ಟಿಯನ್ನು ಉದ್ದಕ್ಕೂ ಮಡಚಿ ತೋಡಿನ ಆಕಾರದ ಕಡ್ಡಿ ಮಾಡಿದ. ಮಡಚಿದರೆ ಏನು ಲಾಭ? ನೀವೇ ನೋಡಿ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಮೇಲೆ ರಬ್ಬರ್ ಇಡಿ. ಹಾಳೆ ಕುಸಿಯುತ್ತದೆ. ಅದೇ ಹಾಳೆಯ ಎರಡೂ ಅಂಚುಗಳನ್ನು ಬೆರಳಗಲ ಮೇಲಕ್ಕೆ ಮಡಚಿ ಇಡಿ. ಈಗ ರಬ್ಬರ್ ಇಟ್ಟರೂ ನಿಲ್ಲುತ್ತದೆ. ಕಾಗದ ಹೆಚ್ಚಾಗಿಲ್ಲ, ಆಕಾರ ಬದಲಾಗಿದೆ ಅಷ್ಟೆ. ಹಾಗಾಗಿ ಫಾಕ್ಸ್‌ನ ಕಡ್ಡಿ ಹಗುರವೂ ಆಯಿತು, ಗಟ್ಟಿಯೂ ಆಯಿತು. ಇವತ್ತಿಗೂ ಅನೇಕ ಕೊಡೆಗಳಲ್ಲಿ ಇದೇ ತೋಡು ಕಡ್ಡಿಯನ್ನು ನೋಡಬಹುದು.

ಆದರೆ ಉಕ್ಕಿಗೆ ಒಂದು ಮಿತಿಯಿದೆ. ಸ್ವಲ್ಪ ಬಗ್ಗಿಸಿದರೆ ಮರಳಿ ನೆಟ್ಟಗಾಗುತ್ತದೆ, ಹೆಚ್ಚು ಬಗ್ಗಿಸಿದರೆ ಸೊಟ್ಟಗಾಗಿಯೇ ಉಳಿಯುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಇನ್ನೂ ಬೇಗ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಕಡ್ಡಿಯನ್ನು ಕೈಯಿಂದ ಸರಿಪಡಿಸಬಹುದು, ಆದರೆ ಬಾಗಿದ ಜಾಗ ದುರ್ಬಲವಾಗಿರುತ್ತದೆ. ಮುಂದಿನ ಗಾಳಿಗೆ ಅಲ್ಲೇ ಮುರಿಯುತ್ತದೆ.

ಈ ತೊಂದರೆಗೆ ಇಂದಿನ ಪರಿಹಾರ ಫೈಬರ್‌ಗ್ಲಾಸ್. ಕೂದಲಿಗಿಂತ ತೆಳುವಾದ ಸಾವಿರಾರು ಗಾಜಿನ ಎಳೆಗಳನ್ನು ಉದ್ದಕ್ಕೆ ಜೋಡಿಸಿ, ಅಂಟಿನಂತಹ ರಾಳದಲ್ಲಿ ಅದ್ದಿ ಗಟ್ಟಿ ಮಾಡಿದರೆ ಫೈಬರ್‌ಗ್ಲಾಸ್ ಕಡ್ಡಿ ಸಿದ್ಧ. ಮಲೆನಾಡಿನ ಬಿದಿರು ಗಾಳಿಗೆ ನೆಲದವರೆಗೆ ಬಾಗಿ ಮತ್ತೆ ಎದ್ದು ನಿಲ್ಲುವುದನ್ನು ನೆನಪಿಸಿಕೊಳ್ಳಿ. ಬಿದಿರಿನೊಳಗೂ ಉದ್ದುದ್ದ ನಾರುಗಳಿವೆ, ಅವುಗಳನ್ನು ಹಿಡಿದಿಡುವ ಅಂಟಿನಂತಹ ಪದಾರ್ಥವಿದೆ. ಫೈಬರ್‌ಗ್ಲಾಸ್ ಕಡ್ಡಿಯ ಗುಟ್ಟೂ ಅದೇ. ಅದು ಉಕ್ಕಿಗಿಂತ ಬಹಳ ಹೆಚ್ಚು ಬಾಗುತ್ತದೆ, ಬಾಗಿದ ಮೇಲೂ ನೆಟ್ಟಗಾಗುತ್ತದೆ. ಮಿತಿ ಮೀರಿದರೆ ಮಾತ್ರ ಸೊಟ್ಟಗಾಗುವುದಿಲ್ಲ, ಸೀಳುತ್ತದೆ. ಸೀಳಿದ ಕಡ್ಡಿಯನ್ನು ಬರಿಗೈಯಲ್ಲಿ ಸವರಬೇಡಿ, ಗಾಜಿನ ಸಿಬಿರು ಚುಚ್ಚುತ್ತದೆ.

ಇನ್ನು ಅಂಗಡಿಯ ಪರೀಕ್ಷೆ. ಅಯಸ್ಕಾಂತವನ್ನು ಕಡ್ಡಿಗೆ ಮುಟ್ಟಿಸಿ. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಫೈಬರ್‌ಗ್ಲಾಸ್ ಇರಬಹುದು. ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ, ಹೆಚ್ಚಾಗಿ ತೋಡಿನ ಆಕಾರದಲ್ಲಿರುತ್ತದೆ. ಫೈಬರ್‌ಗ್ಲಾಸ್ ಸಾಮಾನ್ಯವಾಗಿ ಉರುಟಾದ ಗಟ್ಟಿ ಕಡ್ಡಿ, ಲೋಹದ ತಣ್ಣನೆ ಅನುಭವ ಅದಕ್ಕಿಲ್ಲ. ಒಂದೇ ಜಾಗದಲ್ಲಿ ಮುಟ್ಟಿಸಿ ಸುಮ್ಮನಾಗಬೇಡಿ. ಬ್ಯಾಗಿನಲ್ಲಿ ಹಿಡಿಯುವ ಮೂರು ಮಡಿಕೆಯ ಎಷ್ಟೋ ಕೊಡೆಗಳಲ್ಲಿ ಅಂಚಿನ ತುಂಡು ಮಾತ್ರ ಫೈಬರ್‌ಗ್ಲಾಸ್, ಉಳಿದ ತುಂಡುಗಳು ಲೋಹ. ನೆತ್ತಿಯಿಂದ ತುದಿಯವರೆಗೆ ಅಯಸ್ಕಾಂತ ಓಡಿಸಿದರೆ ನಿಜ ಗೊತ್ತಾಗುತ್ತದೆ.

ಆಮೇಲೆ ಕೀಲುಗಳನ್ನು ನೋಡಿ. ಕಡ್ಡಿಗೆ ಕಡ್ಡಿ ಸೇರುವಲ್ಲಿ ಚಿಕ್ಕ ರಿವೆಟ್ ಇರುತ್ತದೆ. ಅದಕ್ಕಾಗಿ ಕಡ್ಡಿಯಲ್ಲಿ ತೂತು ಕೊರೆದಿರುತ್ತಾರೆ, ತೂತಿರುವಲ್ಲಿ ಕಡ್ಡಿ ಸಹಜವಾಗಿ ದುರ್ಬಲ. ಉದ್ದ ಕೋಲಿನ ಕೊಡೆಯಲ್ಲಿ ಪ್ರತಿ ಕಡ್ಡಿಯೂ ಅಖಂಡ, ಮೂರು ಮಡಿಕೆಯದರಲ್ಲಿ ಹಲವು ತುಂಡು, ಹಲವು ಕೀಲು. ಆದ್ದರಿಂದ ಒಂದೇ ಸಾಮಗ್ರಿಯಿಂದ ಮಾಡಿದ್ದರೂ ಉದ್ದ ಕೊಡೆ ಗಾಳಿಗೆ ಹೆಚ್ಚು ಗಟ್ಟಿ. ಬಿಚ್ಚಿದ ಕೊಡೆಯನ್ನು ಮೆಲ್ಲಗೆ ಅಲ್ಲಾಡಿಸಿ. ನೆತ್ತಿ ಗಡಗಡ ಎಂದರೆ ಕೀಲು ಸಡಿಲವೆಂದು ಅರ್ಥ.

ಗಾಳಿಯ ಒತ್ತಡವನ್ನೇ ಇಳಿಸುವ ಉಪಾಯವೂ ಒಂದಿದೆ. ಕೆಲವು ಕೊಡೆಗಳ ನೆತ್ತಿಯ ಮೇಲೆ ಎರಡನೆಯ ಚಿಕ್ಕ ಬಟ್ಟೆ ಹೊದಿಸಿರುತ್ತಾರೆ. ಎರಡು ಬಟ್ಟೆಗಳ ನಡುವೆ ಸಂದಿ. ಹೊಟ್ಟೆಗೆ ತುಂಬಿದ ಗಾಳಿ ಆ ಸಂದಿಯಿಂದ ಹೊರಗೆ ಹೋಗುತ್ತದೆ. ಮೇಲಿನ ಬಟ್ಟೆ ಕೆಳಗಿನದರ ಮೇಲೆ ಚಾಚಿಕೊಂಡಿರುವುದರಿಂದ ಮಳೆ ಒಳಗೆ ಬರುವುದಿಲ್ಲ. ಇಂಥದನ್ನು ಕೊಳ್ಳುವಾಗ ಸಂದಿಯೊಳಗೆ ಬೆರಳು ಹಾಕಿ ನೋಡಿ. ಕೆಲವದರಲ್ಲಿ ಅಂದಕ್ಕೆಂದು ಎರಡು ಪದರ ಇಟ್ಟು ಸುತ್ತಲೂ ಹೊಲಿದುಬಿಟ್ಟಿರುತ್ತಾರೆ. ಬೆರಳು ಹೋಗದ ಕಡೆ ಗಾಳಿಯೂ ಹೋಗುವುದಿಲ್ಲ.

ಬಟ್ಟೆ: ತೂತುಗಳಿದ್ದರೂ ನೀರು ಏಕೆ ಇಳಿಯದು?

ಕೊಡೆಯ ಬಟ್ಟೆಯೂ ನೇಯ್ದ ಬಟ್ಟೆಯೇ. ದಾರ ದಾರಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸಂದುಗಳಿವೆ. ಆದರೂ ನೀರು ಸೋರುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಬಿಡದೆ ಎಳೆದುಕೊಂಡಿರುತ್ತವೆ, ಹೀಗಾಗಿ ಹನಿಯ ಮೇಲ್ಮೈ ಬಿಗಿಯಾಗಿರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಬಟ್ಟೆಗೆ ನೀರನ್ನು ದೂರವಿಡುವ ಲೇಪ ಹಚ್ಚಿದ್ದರೆ ಹನಿ ಹರಡಿಕೊಳ್ಳುವುದಿಲ್ಲ, ಕೆಸುವಿನ ಎಲೆಯ ಮೇಲೆ ಉರುಳುವ ಹಾಗೆ ಗುಂಡಗೆ ಉರುಳಿ ಹೋಗುತ್ತದೆ. ಸಂದಿನೊಳಗೆ ಇಳಿಯಬೇಕಾದರೆ ಹನಿ ಒಡೆದು ತೆಳುವಾಗಬೇಕು, ಮೇಲ್ಮೈ ಎಳೆತ ಅದಕ್ಕೆ ಬಿಡುವುದಿಲ್ಲ.

ಆದರೆ ಹನಿ ಜೋರಾಗಿ ಬಡಿದರೆ? ಐದು ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಆ ಹೊಡೆತಕ್ಕೆ ಬಟ್ಟೆ ತೆಳುವಾಗಿದ್ದರೆ ನೀರು ಪುಡಿಪುಡಿಯಾಗಿ ಒಳಗೆ ಸಿಡಿಯುತ್ತದೆ. ಜಡಿಮಳೆಯಲ್ಲಿ ಅಗ್ಗದ ಕೊಡೆಯ ಕೆಳಗೆ ಮುಖಕ್ಕೆ ಮಂಜಿನಂತೆ ತಾಗುವುದು ಇದೇ. ಹೀಗಾಗದಿರಲು ನೇಯ್ಗೆ ಒತ್ತಾಗಿರಬೇಕು. ಕೊಡೆಯ ಚೀಟಿಯಲ್ಲಿ 190T ಅಥವಾ 210T ಎಂದು ಬರೆದಿದ್ದರೆ, ಒಂದು ಚದರ ಇಂಚಿನಲ್ಲಿ ಹಾಸು ಮತ್ತು ಹೊಕ್ಕು ಸೇರಿ ಅಷ್ಟು ದಾರಗಳಿವೆ ಎಂದು ಲೆಕ್ಕ. ಅಂಕಿ ಹೆಚ್ಚಾದಷ್ಟೂ ನೇಯ್ಗೆ ಒತ್ತು.

ಈಗಿನ ಕೊಡೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್, ಕೆಲವು ನೈಲಾನ್. ಪಾಲಿಯೆಸ್ಟರ್ ದಾರ ನೀರನ್ನು ಹೀರುವುದು ತೀರಾ ಕಡಿಮೆ. ನೈಲಾನ್ ಅದಕ್ಕಿಂತ ಹೆಚ್ಚು ಹೀರುತ್ತದೆ, ಒದ್ದೆಯಾದಾಗ ತುಸು ಸಡಿಲವಾಗುತ್ತದೆ. ಅಂಗಡಿಯವರು ಒಪ್ಪಿದರೆ ಬಟ್ಟೆಯ ಮೇಲೆ ನಾಲ್ಕು ಹನಿ ನೀರು ಹಾಕಿ ಕೊಡೆಯನ್ನು ಓರೆ ಮಾಡಿ. ಹನಿ ಗುಂಡಗೆ ಉರುಳಿ ಹೋದರೆ ಲೇಪ ಚೆನ್ನಾಗಿದೆ. ಹರಡಿ, ಬಟ್ಟೆ ಗಾಢ ಬಣ್ಣಕ್ಕೆ ತಿರುಗಿದರೆ ಲೇಪ ಇಲ್ಲ ಅಥವಾ ಸವೆದಿದೆ. ಮನೆಯ ಹಳೆಯ ಕೊಡೆಯ ಮಡಿಕೆಗಳ ಮೇಲೂ ಹನಿ ಹಾಕಿ ನೋಡಿ. ಮಡಿಸಿ ಬಿಚ್ಚಿ ಲೇಪ ಮೊದಲು ಸವೆಯುವುದು ಅಲ್ಲೇ.

ಬಿಸಿಲಿನ ಲೇಪ: ನೆರಳಿದ್ದ ಮಾತ್ರಕ್ಕೆ ಸಾಲದು

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಚರ್ಮ ಸುಡುವುದು ಮುಖ್ಯವಾಗಿ ಇವುಗಳಿಂದಲೇ. ಲೇಪವಿಲ್ಲದ ತೆಳು ಬಟ್ಟೆ ನೆರಳು ಕೊಟ್ಟರೂ ಈ ಕಿರಣಗಳಲ್ಲಿ ಒಂದು ಪಾಲನ್ನು ಒಳಗೆ ಬಿಡುತ್ತದೆ. ಎಷ್ಟು ಬಿಡುತ್ತದೆ ಎಂದು ತಿಳಿಯಲು ಚೀಟಿಯಲ್ಲಿ UPF ಎಂಬ ಅಕ್ಷರಗಳ ಮುಂದಿನ ಅಂಕಿ ನೋಡಬೇಕು. ಅಂಕಿ 50 ಆದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 2 ಮಾತ್ರ ಬಟ್ಟೆ ದಾಟುತ್ತದೆ. 15 ಆದರೆ ಹದಿನೈದರಲ್ಲಿ ಒಂದು ಪಾಲು, ನೂರಕ್ಕೆ 6ಕ್ಕೂ ಹೆಚ್ಚು ದಾಟುತ್ತದೆ.

ಇಷ್ಟು ತಡೆಯಲು ಬಟ್ಟೆಯ ಒಂದು ಮೈಗೆ ಕಪ್ಪು ಅಥವಾ ಬೆಳ್ಳಿ ಬಣ್ಣದ ಲೇಪ ಹಚ್ಚಿರುತ್ತಾರೆ. ಬೆಳ್ಳಿ ಬಣ್ಣದ್ದು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಅದು ಹೊರಮೈಯಲ್ಲಿದ್ದರೆ ಬಟ್ಟೆ ಬಿಸಿಯಾಗುವುದು ಕಡಿಮೆ. ಕಪ್ಪು ಲೇಪ ಬೆಳಕನ್ನು ಹೀರಿಕೊಳ್ಳುತ್ತದೆ. ಅದು ಒಳಮೈಯಲ್ಲಿರುವುದಕ್ಕೂ ಕಾರಣವಿದೆ. ನೆಲಕ್ಕೆ ಬಿದ್ದ ಬಿಸಿಲು ಪುಟಿದು ಕೊಡೆಯ ಒಳಗೆ ಬಂದಾಗ ಕಪ್ಪು ಮೈ ಅದನ್ನು ಹೀರುತ್ತದೆ, ಬೆಳ್ಳಿ ಮೈ ಅದನ್ನು ಮತ್ತೆ ನಿಮ್ಮ ಮುಖಕ್ಕೇ ಕಳಿಸುತ್ತದೆ.

ಪರೀಕ್ಷೆಗೆ ಕೊಡೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಬೆಳಕು ಬಟ್ಟೆಯಿಂದ ಸ್ವಲ್ಪವೂ ಹಾಯದಿದ್ದರೆ ಲೇಪ ದಟ್ಟವಾಗಿದೆ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ, ಅದರಲ್ಲೂ ಮಡಿಕೆಯ ಗೆರೆಯುದ್ದಕ್ಕೂ ಕಂಡರೆ, ಲೇಪ ಬಿರುಕು ಬಿಟ್ಟಿದೆ. ಸೂರ್ಯನನ್ನೇ ನೋಡಿ ಪರೀಕ್ಷಿಸಬೇಡಿ, ಕಣ್ಣಿಗೆ ಅಪಾಯ.

ಒಳ್ಳೆಯ ಲೇಪವಿದ್ದರೂ ಕೊಡೆ ತಡೆಯುವುದು ನೆತ್ತಿಯ ಮೇಲಿಂದ ನೇರವಾಗಿ ಬರುವ ಕಿರಣಗಳನ್ನು ಮಾತ್ರ. ಗಾಳಿಯ ಕಣಗಳು ನೇರಳಾತೀತ ಕಿರಣಗಳನ್ನು ಆಕಾಶದ ತುಂಬ ಚದುರಿಸುತ್ತವೆ, ಅವು ಬದಿಗಳಿಂದ ಬರುತ್ತವೆ. ಒಣ ಮರಳು ಸುಮಾರು ನೂರಕ್ಕೆ 15ರಷ್ಟನ್ನು ಮೇಲಕ್ಕೆ ಪುಟಿಸುತ್ತದೆ. ಅಮೆರಿಕದ ಟೆಕ್ಸಾಸ್‌ನ ಒಂದು ಕೆರೆಯ ದಂಡೆಯಲ್ಲಿ ಸಂಶೋಧಕರು ಒಂದಿಷ್ಟು ಜನರನ್ನು ನಡುಹಗಲಿನಲ್ಲಿ ಮೂರೂವರೆ ಗಂಟೆಗಳ ಕಾಲ ದೊಡ್ಡ ಕೊಡೆಯ ನೆರಳಿನಲ್ಲಿ ಕೂರಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ ನೂರಕ್ಕೆ 78 ಮಂದಿಗೆ ಮೈಯಲ್ಲಿ ಎಲ್ಲಾದರೂ ಚರ್ಮ ಸುಟ್ಟಿತ್ತು. ಆದ್ದರಿಂದ ಬಯಲಿನಲ್ಲಿ ಬಹಳ ಹೊತ್ತು ಇರಬೇಕಾದರೆ ಕೊಡೆಯ ಜೊತೆಗೆ ತುಂಬುತೋಳಿನ ಅಂಗಿಯೂ ಬೇಕು.

ಯಾರಿಗೆ ಯಾವ ಕೊಡೆ?

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಗದ್ದೆಯ ಬಯಲು ದಾಟಿ ಶಾಲೆಗೆ ನಡೆದು ಹೋಗುತ್ತಾಳೆ ಎಂದುಕೊಳ್ಳಿ. ಅವಳ ಎದುರಾಳಿ ಗಾಳಿಮಳೆ. ಅವಳಿಗೆ ಉದ್ದ ಕೋಲಿನ, ಅಖಂಡ ಫೈಬರ್‌ಗ್ಲಾಸ್ ಕಡ್ಡಿಯ, ನೆತ್ತಿಯಲ್ಲಿ ನಿಜವಾದ ಸಂದಿ ಇರುವ ಕೊಡೆ ಬೇಕು. ಅಗಲ ತೀರ ಹೆಚ್ಚಿರಬಾರದು. ಒಂದು ಮೀಟರ್ ಅಗಲದ ಕೊಡೆಯ ಬದಲು ಒಂದೂಕಾಲು ಮೀಟರಿನದನ್ನು ಕೊಂಡರೆ ಬಟ್ಟೆಯ ವಿಸ್ತೀರ್ಣ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ, ಗಾಳಿಯ ಎಳೆತವೂ ಅಷ್ಟೇ ಹೆಚ್ಚುತ್ತದೆ. ಚಿಕ್ಕ ಕೈ ಅದನ್ನು ತಡೆಯಲಾರದು. ಬಿಸಿಲಿನ ಲೇಪಕ್ಕೆಂದು ಅವಳು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ರಾಯಚೂರಿನ ಹುಡುಗನೊಬ್ಬ ಏಪ್ರಿಲ್ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುತ್ತಾನೆ. ಅವನಿಗೆ ಮುಖ್ಯವಾದದ್ದು ಲೇಪ: UPF 50, ಒಳಮೈ ಕಪ್ಪು, ಹೊರಮೈ ತಿಳಿಬಣ್ಣ. ಬ್ಯಾಗಿನಲ್ಲಿ ಹಿಡಿಯುವ ಮೂರು ಮಡಿಕೆಯ ಕೊಡೆ ಅವನಿಗೆ ಸಾಕು. ಅದೇ ಕೊಡೆಯನ್ನು ಆ ಹುಡುಗಿಗೆ ಕೊಟ್ಟರೆ ಜುಲೈ ಗಾಳಿಗೆ ಕೀಲು ಕಿತ್ತು ಬರಬಹುದು.

ಕೊಂಡ ಮೇಲೆ ಹಿಡಿಯುವ ಕ್ರಮವೂ ಗೊತ್ತಿರಲಿ. ಗಾಳಿ ಬರುವ ಕಡೆಗೆ ಕೊಡೆಯ ಬೆನ್ನನ್ನು ಬಗ್ಗಿಸಿ ಹಿಡಿಯಿರಿ, ಗುಳಿಗೆ ಗಾಳಿ ತುಂಬಲು ಬಿಡಬೇಡಿ. ಕೊಡೆ ಉಲ್ಟಾ ಆದರೆ ಕಡ್ಡಿಗಳನ್ನು ಒಂದೊಂದಾಗಿ ಎಳೆಯಬೇಡಿ. ಕೊಡೆಯ ತುದಿಯನ್ನು ಗಾಳಿಯ ಕಡೆಗೆ ತಿರುಗಿಸಿ, ತಿರುಗಿಬಿದ್ದ ಬಟ್ಟೆಯನ್ನು ಹಲವು ಸಲ ಗಾಳಿಯೇ ಸರಿಯಾಗಿ ತಳ್ಳಿಕೊಡುತ್ತದೆ. ಹಾಗಾಗದಿದ್ದರೆ ಜಾರುವ ಕೊಳವೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ಮುಚ್ಚಿ. ಗುಡುಗು ಸಿಡಿಲು ಇರುವಾಗ ಬಯಲಿನಲ್ಲಿ ಕೊಡೆ ಎತ್ತಿ ಹಿಡಿದು ನಡೆಯಬೇಡಿ, ಹತ್ತಿರದ ಕಟ್ಟಡದೊಳಗೆ ಹೋಗಿ. ಮನೆಗೆ ಬಂದ ಮೇಲೆ ಒದ್ದೆ ಕೊಡೆಯನ್ನು ಮಡಿಸಿಡದೆ, ಬಿಚ್ಚಿ ನೆರಳಿನಲ್ಲಿ ಆರಲು ಬಿಡಿ. ಒದ್ದೆಯಾಗಿ ಮಡಿಸಿಟ್ಟರೆ ರಿವೆಟ್‌ಗಳಿಗೆ ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ, ಮುಂದಿನ ವರ್ಷದ ಮೊದಲ ಮಳೆಗೇ ಹೊಸ ಕೊಡೆ ಕೊಳ್ಳಬೇಕಾಗುತ್ತದೆ.